ಡೆಮೋ ಸ್ಲೈಡ್‌ಗಳಿಂದ ಗ್ರಾಹಕರ ರಿಲೀಸ್ ನೋಟ್ಸ್: ಯಾವುದು ಹೊಸದು, ಯಾವುದು ಫಿಕ್ಸ್?

ಕಾಫಿಪುಡಿ · ಬುಧವಾರ, ಸಂಜೆ 6:40

ಔಷಧಿ ಹೋಲ್‌ಸೇಲ್ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಸೇರಿ ಐದು ತಿಂಗಳಾಯಿತು. ಇಷ್ಟು ದಿನ ರಿಲೀಸ್ ನೋಟ್ಸ್ ಬರೆಯುತ್ತಿದ್ದವರು ಕೆಲಸ ಬಿಟ್ಟರು, ಆ ಕೆಲಸ ನನ್ನ ಕೊರಳಿಗೆ ಬಿತ್ತು. ಇವತ್ತು ಸ್ಪ್ರಿಂಟ್ ಡೆಮೋ ಮುಗಿದ ಕೂಡಲೇ ಮ್ಯಾನೇಜರ್ ಸ್ಲೈಡ್ ಡೆಕ್ ಕಳಿಸಿ, "ಇದನ್ನೇ ಸ್ವಲ್ಪ ತಿದ್ದಿ 4.12ರ ನೋಟ್ಸ್ ಮಾಡಿಬಿಡಿ. ಹೊಸದು ಒಂದು ಕಡೆ, ಫಿಕ್ಸ್ ಒಂದು ಕಡೆ. ಶುಕ್ರವಾರ ಬಿಡುಗಡೆ" ಎಂದರು.

ಡೆಕ್‌ನಲ್ಲಿ 13 ಸ್ಲೈಡ್. ಸುಮಾರಾಗಿ ಹೀಗಿದೆ:

1–2: ಸ್ಪ್ರಿಂಟ್ ಗುರಿ, ಬರ್ನ್‌ಡೌನ್ ಚಾರ್ಟ್
3: 90 ದಿನದೊಳಗೆ ಎಕ್ಸ್‌ಪೈರಿ ಆಗುವ ಬ್ಯಾಚ್‌ಗಳ ಪಟ್ಟಿ
4: ಬಿಲ್ ಪಿಡಿಎಫ್ ಅನ್ನು ವಾಟ್ಸಾಪ್‌ಗೆ ಕಳಿಸುವುದು
5: ಹಳೇ ಬಿಲ್ ಹುಡುಕಾಟ, 1.8 ಸೆಕೆಂಡಿನಿಂದ 0.4ಕ್ಕೆ
6: ಟ್ಯಾಕ್ಸ್ ರೌಂಡಿಂಗ್ ಫಿಕ್ಸ್
7: ಕ್ರೆಡಿಟ್ ನೋಟ್‌ನಲ್ಲಿ ಬ್ಯಾಚ್ ಸ್ಕ್ಯಾನ್, ಮತ್ತು ಬ್ಯಾಚ್ ಖಾಲಿ ಇದ್ದರೆ ಕ್ರ್ಯಾಶ್ ಆಗುತ್ತಿದ್ದುದರ ಫಿಕ್ಸ್
8: ಡಾಟ್ ಮ್ಯಾಟ್ರಿಕ್ಸ್ ಪ್ರಿಂಟ್‌ನಲ್ಲಿ ಎರಡನೇ ಪುಟದ ಹೆಡರ್
9: ಡೇಟಾಬೇಸ್ ಅಪ್‌ಗ್ರೇಡ್, ಬಿಲ್ ಟೇಬಲ್‌ಗೆ ಹೊಸ ಇಂಡೆಕ್ಸ್
10: ಪಾಸ್‌ವರ್ಡ್ ಬದಲಿಸಿದ ಮೇಲೂ ಬೇರೆ ಕಂಪ್ಯೂಟರಿನಲ್ಲಿ ಲಾಗಿನ್ ಉಳಿಯುತ್ತಿದ್ದುದು
11: ಸೇಲ್ಸ್‌ಮನ್‌ವಾರು ಬಾಕಿ ವರದಿ (ಒಬ್ಬ ಗ್ರಾಹಕರ ಹೆಸರು ಹಾಕಿ "ಇವರು ಕೇಳಿದ್ದು" ಎಂದಿದೆ)
12: ಇ-ವೇ ಬಿಲ್ ಸ್ಪೈಕ್
13: ಮುಂದಿನ ಸ್ಪ್ರಿಂಟ್

ಸ್ಲೈಡ್‌ಗೊಂದು ಸಾಲು ಬರೆಯಲು ಕೂತೆ. 5ನೆಯದಕ್ಕೇ ಸಿಕ್ಕಿಹಾಕಿಕೊಂಡೆ. ಹುಡುಕಾಟ ಬೇಗ ಆಗಿದ್ದು ಹೊಸದೋ ಫಿಕ್ಸೋ? ನೀವೆಲ್ಲ ಹೇಗೆ ಬೇರ್ಪಡಿಸುತ್ತೀರಿ?

---

ಬಯಲುಸೀಮೆ_ಬಾಸ್ · ಸಂಜೆ 7:05

ಬರ್ನ್‌ಡೌನ್ ಚಾರ್ಟ್ ತೆಗೆಯಬೇಡಿ. ಮ್ಯಾನೇಜ್‌ಮೆಂಟ್ ಮೊದಲು ನೋಡುವುದೇ ಅದನ್ನು. ಎಷ್ಟು ಪಾಯಿಂಟ್ ತಗೊಂಡೆವು, ಎಷ್ಟು ಮುಗಿಯಿತು ಅಂತ ಮೇಲೆಯೇ ಒಂದು ಸಾಲು ಹಾಕಿ.

---

ಕಾಫಿಪುಡಿ · ಸಂಜೆ 7:11

ಸಾರ್, ಇದು ಮ್ಯಾನೇಜ್‌ಮೆಂಟ್‌ಗೆ ಅಲ್ಲ. ಅಂಗಡಿಯಲ್ಲಿ ಬಿಲ್ ಹಾಕುವವರು ಓದುವಂಥದ್ದು.

---

ಬಯಲುಸೀಮೆ_ಬಾಸ್ · ಸಂಜೆ 7:14

ಓ, ಹಾಗಾದರೆ ನನ್ನ ಮಾತು ಬಿಟ್ಟುಬಿಡಿ 🙂

---

ಕೋಡ್_ಕರಾವಳಿ · ಸಂಜೆ 7:30

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಡೆಕ್ ಪಕ್ಕಕ್ಕಿಟ್ಟು ಜಿರಾ ತೆಗೆಯಿರಿ. ಟಿಕೆಟ್‌ನಲ್ಲೇ ಸ್ಟೋರಿ, ಬಗ್ ಅಂತ ಇರುತ್ತದೆ ಅಲ್ವಾ? ಸ್ಟೋರಿ ಎಲ್ಲ ಹೊಸದು, ಬಗ್ ಎಲ್ಲ ಫಿಕ್ಸ್. ಐದು ನಿಮಿಷದ ಕೆಲಸ.

```
project = MED AND fixVersion = "4.12.0"
AND status = Done ORDER BY issuetype
```

---

ಜಿರ್ಲೆಬೇಟೆ · ರಾತ್ರಿ 8:02

ಜಿರಾದಿಂದ ಶುರು ಮಾಡುವುದು ಸರಿ. ಅಲ್ಲೇ ನಿಂತರೆ ಎಡವಟ್ಟು. ನಾನು ಟೆಸ್ಟರ್, ಆ ಬಗ್ ಟಿಕೆಟ್‌ಗಳನ್ನು ಹಾಕುವವಳೇ ನಾನು.

7ನೇ ಸ್ಲೈಡ್ ನೋಡಿ. ಬ್ಯಾಚ್ ಸ್ಕ್ಯಾನ್ ಈ ಸ್ಪ್ರಿಂಟ್‌ನಲ್ಲೇ ಹುಟ್ಟಿದ್ದು. ಕ್ರ್ಯಾಶ್ ಕೂಡ ಅದರ ಜೊತೆಯೇ ಹುಟ್ಟಿ ಅದರ ಜೊತೆಯೇ ಸತ್ತಿರುತ್ತದೆ. ಗ್ರಾಹಕರ 4.11ರಲ್ಲಿ ಆ ಪರದೆಯೇ ಇಲ್ಲ. ಆದರೂ ಜಿರಾದಲ್ಲಿ ಅದು ಬಗ್, ಮುಗಿದಿದೆ, ವರ್ಷನ್ 4.12. ನಿಮ್ಮ ಕ್ವೆರಿ ಅದನ್ನು ತಂದು ಫಿಕ್ಸ್ ಪಟ್ಟಿಯಲ್ಲಿ ಕೂರಿಸುತ್ತದೆ. ಓದಿದ ಅಂಗಡಿಯವರು "ಅಯ್ಯೋ, ನಮ್ಮ ಕ್ರೆಡಿಟ್ ನೋಟ್ ಕ್ರ್ಯಾಶ್ ಆಗುತ್ತಿತ್ತಾ?" ಎಂದು ಗಾಬರಿಯಾಗುತ್ತಾರೆ.

ಬಗ್ ಟಿಕೆಟ್‌ನಲ್ಲಿ ಅಫೆಕ್ಟ್ಸ್ ವರ್ಷನ್ ಎಂಬ ಖಾನೆ ಇದೆ. ಅಲ್ಲಿ 4.11 ಅಥವಾ ಅದಕ್ಕಿಂತ ಹಳೆಯದು ಇದ್ದರೆ ಮಾತ್ರ ಅದು ಗ್ರಾಹಕರ ಮಟ್ಟಿಗೆ ಫಿಕ್ಸ್. ಖಾಲಿ ಇದ್ದರೆ ಟೆಸ್ಟರ್ ಹತ್ತಿರ ಹೋಗಿ ಕೇಳಿ. ನಮ್ಮಲ್ಲಂತೂ ಅರ್ಧಕ್ಕರ್ಧ ಖಾಲಿಯೇ ಇರುತ್ತದೆ. ಅದು ನನ್ನದೇ ತಪ್ಪು, ಒಪ್ಪುತ್ತೇನೆ.

---

ಕೋಡ್_ಕರಾವಳಿ · ರಾತ್ರಿ 8:10

ಹ್ಮ್, ಇದು ಹೊಳೆದಿರಲಿಲ್ಲ. ಒಪ್ಪಿದೆ.

---

ಹಳೇ_ಲೇಖನಿ · ರಾತ್ರಿ 9:25

ಕಾಫಿಪುಡಿ ಅವರೇ, ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಹೊಸದೋ ಫಿಕ್ಸೋ ಎಂಬುದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ. ಸ್ಲೈಡ್‌ನಲ್ಲಿ ಕಂಡದ್ದು ಶುಕ್ರವಾರದ ಬಿಲ್ಡ್‌ನಲ್ಲಿ ಇದೆಯಾ? ಡೆಮೋ ನಡೆದದ್ದು ಸ್ಟೇಜಿಂಗ್ ಸರ್ವರ್ ಮೇಲೆ. ಅಲ್ಲಿ ಅರ್ಧ ಬೆಂದದ್ದೂ ಓಡುತ್ತದೆ. ಫೀಚರ್ ಫ್ಲ್ಯಾಗ್ ಎಲ್ಲ ಆನ್ ಮಾಡಿಟ್ಟಿರುತ್ತಾರೆ. 4ನೇ ಸ್ಲೈಡಿನ ವಾಟ್ಸಾಪ್ ಮೇಲೆ ನನಗೆ ಅನುಮಾನ. ಹೊರಗಿನ ಸೇವೆಗೆ ಕೊಂಡಿ ಹಾಕುವಂಥದ್ದನ್ನು ಹೆಚ್ಚಾಗಿ ಫ್ಲ್ಯಾಗ್ ಹಿಂದೆ ಇಡುತ್ತಾರೆ. ಬರೆದ ಡೆವಲಪರ್ ಹತ್ತಿರ ಹೋಗಿ, "ಗ್ರಾಹಕರ ಕಂಪ್ಯೂಟರಿನಲ್ಲಿ ಶುಕ್ರವಾರ ಇದು ಕಾಣುತ್ತದಾ?" ಎಂದೇ ಕೇಳಿ. "ಮುಗಿದಿದೆಯಾ?" ಎಂದು ಕೇಳಿದರೆ ಹೂಂ ಎನ್ನುತ್ತಾರೆ, ಅವರ ಲೆಕ್ಕದಲ್ಲಿ ಮುಗಿದೇ ಇರುತ್ತದೆ.

ಬಿಲ್ಡ್‌ನಲ್ಲಿರುವುದು ಖಾತ್ರಿಯಾದ ಮೇಲೆ ಬೇರ್ಪಡಿಸುವುದು. ನಾನು ಟಿಕೆಟ್ ನೋಡುವುದಿಲ್ಲ. ಅಂಗಡಿಯ ಗುಮಾಸ್ತರ ಪಕ್ಕ ಕೂತಂತೆ ಯೋಚಿಸುತ್ತೇನೆ. ಹಿಂದೆ ಅವರು ಇದನ್ನು ಮಾಡಲು ಹೋಗಿ ತಪ್ಪು ಉತ್ತರ ಬರುತ್ತಿತ್ತಾ, ಅಥವಾ ನಡುವೆ ನಿಂತುಹೋಗುತ್ತಿತ್ತಾ? ಹಾಗಿದ್ದರೆ ಫಿಕ್ಸ್. ಹಿಂದೆ ಇದನ್ನು ಮಾಡಲು ದಾರಿಯೇ ಇರಲಿಲ್ಲವಾ? ಹಾಗಿದ್ದರೆ ಹೊಸದು. ಸರಿಯಾಗೇ ನಡೆಯುತ್ತಿತ್ತು, ಈಗ ಬೇರೆ ಥರ ನಡೆಯುತ್ತದೆ ಎಂದಾದರೆ ಎರಡೂ ಅಲ್ಲ, ಬದಲಾವಣೆ. ಕೀಪ್ ಎ ಚೇಂಜ್‌ಲಾಗ್ ಪದ್ಧತಿಯಲ್ಲಿ ಅದಕ್ಕೆ ಬೇರೆ ತಲೆಬರಹವೇ ಇದೆ. ನಿಮ್ಮ 5ನೇ ಸ್ಲೈಡ್ ಅಲ್ಲಿಗೆ ಹೋಗಬೇಕು. ಅದಕ್ಕೇ ನೀವು ಅಲ್ಲಿ ಸಿಕ್ಕಿಹಾಕಿಕೊಂಡಿರಿ.

ಹಾಗೇ 0.4 ಸೆಕೆಂಡ್ ಎಂಬ ಅಂಕಿ ತೆಗೆದುಬಿಡಿ. ಅದು ಡೆಮೋ ಮಷೀನಿನ, ಡೆಮೋ ಡೇಟಾದ ಅಂಕಿ. ಹತ್ತು ವರ್ಷದ ಬಿಲ್ ತುಂಬಿರುವ ಹಳೇ ಕಂಪ್ಯೂಟರಿನಲ್ಲಿ ಅಷ್ಟು ಬರದಿದ್ದರೆ ಅದೇ ದೂರಾಗುತ್ತದೆ. ಇನ್ನೊಂದು ಗಮನಿಸಿದಿರಾ? 5 ಮತ್ತು 9 ಬಹುಶಃ ಒಂದೇ ಕೆಲಸ. ಆ ಇಂಡೆಕ್ಸ್ ಹಾಕಿದ್ದರಿಂದಲೇ ಹುಡುಕಾಟ ಬೇಗ ಆಗಿರಬೇಕು. ಇಂಡೆಕ್ಸ್ ಅಂತ ಗ್ರಾಹಕರಿಗೆ ಹೇಳುವುದು ಬೇಡ. ಆದರೆ ಅಪ್‌ಡೇಟ್ ಆದ ಮೇಲೆ ಮೊದಲ ಸಲ ತೆರೆದಾಗ ಆ ಇಂಡೆಕ್ಸ್ ಕಟ್ಟಲು ಹೊತ್ತು ಹಿಡಿದರೆ, ಅದನ್ನು ಹೇಳಲೇಬೇಕು. ಬೆಳಿಗ್ಗೆ ಹತ್ತಕ್ಕೆ ಕೌಂಟರ್ ಮುಂದೆ ಜನ ನಿಂತಿರುವಾಗ ಅಪ್‌ಡೇಟ್ ಒತ್ತಿದವರ ಗತಿ ಊಹಿಸಿ.

6ನೇ ಸ್ಲೈಡ್ ಬಗ್ಗೆ ನಾಳೆ ಬರೆಯುತ್ತೇನೆ. ಇಡೀ ಡೆಕ್‌ನಲ್ಲಿ ಅಪಾಯದ್ದು ಅದೊಂದೇ.

---

ಚುರುಮುರಿ_ಆ್ಯಪ್ಸ್ · ರಾತ್ರಿ 10:15

ನನ್ನ ಕಷ್ಟ ಬೇರೆ. ಪ್ಲೇ ಸ್ಟೋರ್‌ನಲ್ಲಿ "ಹೊಸದೇನು" ಜಾಗಕ್ಕೆ ಒಂದು ಭಾಷೆಗೆ 500 ಅಕ್ಷರ ಅಷ್ಟೇ. ಕನ್ನಡದಲ್ಲಿ ಒತ್ತಕ್ಷರ, ಗುಣಿತ ಎಲ್ಲ ಬೇರೆ ಬೇರೆ ಎಣಿಸುತ್ತದೆ. "ಸ್ಕ್ಯಾ" ಎಂದು ಬರೆದರೆ ಕಣ್ಣಿಗೆ ಒಂದು ಅಕ್ಷರ, ಒಳಗೆ ಆರು. ಹೊಸದು ನಾಲ್ಕು ಸಾಲು ಬರೆಯುವಷ್ಟರಲ್ಲಿ ಜಾಗ ಮುಗಿದಿರುತ್ತದೆ. ಹಾಗಾಗಿ ನಾನು ಫಿಕ್ಸ್‌ಗಳನ್ನೆಲ್ಲ "ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ" ಎಂದು ಮುಗಿಸುತ್ತೇನೆ.

---

ಫೋನ್_ಎತ್ತುವವಳು · ರಾತ್ರಿ 10:40

ಚುರುಮುರಿ ಅಣ್ಣ, ಆ ಒಂದು ಸಾಲಿನಿಂದ ನಮಗೆ ಎಷ್ಟು ಕಾಲ್ ಬರುತ್ತದೆ ಗೊತ್ತಾ? ನಾನು ಸಪೋರ್ಟ್‌ನಲ್ಲಿದ್ದೇನೆ. ಮೂರು ತಿಂಗಳಿಂದ ಪ್ರಿಂಟ್ ಸರಿ ಬರದೆ ಒದ್ದಾಡುತ್ತಿರುವವರು ನೋಟ್ಸ್ ತೆರೆಯುವುದೇ "ನನ್ನದು ಸರಿಹೋಯಿತಾ" ಎಂದು ನೋಡಲು. ಹೊಸ ಫೀಚರ್ ಅವರಿಗೆ ಬೇಕಾಗಿಲ್ಲ. ಅವರು ಯಾವ ಮಾತಿನಲ್ಲಿ ದೂರು ಹೇಳಿದ್ದರೋ ಅದೇ ಮಾತಿನಲ್ಲಿ ಫಿಕ್ಸ್ ಬರೆದರೆ ಕಾಲ್ ಕಮ್ಮಿಯಾಗುತ್ತದೆ.

ಕಾಫಿಪುಡಿ, ನಿಮ್ಮ ಸಪೋರ್ಟ್‌ನವರ ಕಾಲ್ ರಿಜಿಸ್ಟರ್ ಇಸ್ಕೊಂಡು ನೋಡಿ. ಡೆವಲಪರ್ "ಪೇಜ್ ಬ್ರೇಕ್ ಹೆಡರ್ ರೆಂಡರಿಂಗ್" ಅಂದಿರುತ್ತಾರೆ. ಅಂಗಡಿಯವರು "ಎರಡನೇ ಹಾಳೆಯಲ್ಲಿ ನಮ್ಮ ಹೆಸರೇ ಬರಲ್ಲ" ಅಂದಿರುತ್ತಾರೆ. ಎರಡೂ ಒಂದೇ.

---

ಚುರುಮುರಿ_ಆ್ಯಪ್ಸ್ · ರಾತ್ರಿ 10:52

500 ಅಕ್ಷರದಲ್ಲಿ ಅದೆಲ್ಲ ಎಲ್ಲಿ ಹಿಡಿಸುತ್ತದೆ ತಂಗಿ. ಆದರೂ ಜಾಸ್ತಿ ದೂರು ಬಂದ ಒಂದು ಫಿಕ್ಸ್ ಆದರೂ ಹೆಸರು ಹಿಡಿದು ಹಾಕಬಹುದೇನೋ. ನೋಡುತ್ತೇನೆ.

---

ಹಳೇ_ಲೇಖನಿ · ಗುರುವಾರ, ಬೆಳಿಗ್ಗೆ 7:20

6ನೇ ಸ್ಲೈಡ್. ಅದರಲ್ಲಿ ನಿಜವಾಗಿ ಏನು ಬರೆದಿದೆ?

---

ಕಾಫಿಪುಡಿ · ಬೆಳಿಗ್ಗೆ 8:45

"ರೌಂಡಿಂಗ್ ಈಗ ಲೈನ್ ಮಟ್ಟದಲ್ಲಿ ಅಲ್ಲ, ಬಿಲ್ ಮಟ್ಟದಲ್ಲಿ" ಅಷ್ಟೇ. ಮುಂಚೆ ಒಂದೊಂದು ಐಟಂನ ತೆರಿಗೆಯನ್ನೂ ರೂಪಾಯಿಗೆ ರೌಂಡ್ ಮಾಡಿ ಕೂಡಿಸುತ್ತಿತ್ತಂತೆ. ಈಗ ಪೈಸೆ ಸಮೇತ ಕೂಡಿಸಿ ಕೊನೆಗೆ ಒಂದೇ ಸಲ ರೌಂಡ್.

---

ಹಳೇ_ಲೇಖನಿ · ಬೆಳಿಗ್ಗೆ 9:10

ಅದೇ ಭಯವಿತ್ತು. ಲೆಕ್ಕ ಹಾಕಿ ನೋಡೋಣ. ತಲಾ 208 ರೂಪಾಯಿಯ ಮೂರು ಐಟಂ, ತೆರಿಗೆ 5%. ಒಂದೊಂದಕ್ಕೆ 10.40. ಹಳೇ ರೀತಿಯಲ್ಲಿ 10 ಆಗಿ, ಮೂರು ಸೇರಿ 30. ಬಿಲ್ 654. ಹೊಸ ರೀತಿಯಲ್ಲಿ ತೆರಿಗೆ 31.20, ಒಟ್ಟು 655.20, ರೌಂಡ್ ಆಗಿ 655.

ಒಂದು ರೂಪಾಯಿ ವ್ಯತ್ಯಾಸ. ನಲವತ್ತು ಐಟಂ ಇರುವ ಬಿಲ್ಲಿನಲ್ಲಿ ಇನ್ನೂ ಜಾಸ್ತಿ ಆಗಬಹುದು. ಇದು ಫಿಕ್ಸ್ ಹೌದು. ಆದರೆ "ರೌಂಡಿಂಗ್ ದೋಷ ಸರಿಪಡಿಸಲಾಗಿದೆ" ಎಂದು ಪ್ರಿಂಟರ್ ಹೆಡರ್ ಪಕ್ಕದಲ್ಲಿ ತುರುಕಿದರೆ ಯಾರೂ ಓದುವುದಿಲ್ಲ. ಸೋಮವಾರ ಅದೇ ಮಾಲು, ಅದೇ ಪಾರ್ಟಿ, ಬಿಲ್ ಮಾತ್ರ ಬೇರೆ. ಅಂಕಿ ಬದಲಿಸುವ ಫಿಕ್ಸ್‌ಗೆ ನೋಟ್ಸ್‌ನ ಮೇಲ್ಭಾಗದಲ್ಲಿ ಜಾಗ ಕೊಡಿ. ಹಿಂದೆ ಎಷ್ಟು ಬರುತ್ತಿತ್ತು, ಈಗ ಎಷ್ಟು ಬರುತ್ತದೆ ಎಂದು ಒಂದು ಉದಾಹರಣೆ ಸಮೇತ ಹಾಕಿ.

ಬರೆಯುವ ಮೊದಲು ಡೆವಲಪರ್‌ಗೆ ಮೂರು ಕೇಳಿ. ಹಳೇ ಬಿಲ್ ಮತ್ತೆ ಪ್ರಿಂಟ್ ತೆಗೆದರೆ ಯಾವ ಮೊತ್ತ ಬರುತ್ತದೆ? ಹಳೇ ಬಿಲ್ ತಿದ್ದಿ ಸೇವ್ ಮಾಡಿದರೆ? ಹಳೇ ಬಿಲ್ ಮೇಲೆ ಕ್ರೆಡಿಟ್ ನೋಟ್ ಹಾಕಿದರೆ?

---

ಕಾಫಿಪುಡಿ · ಮಧ್ಯಾಹ್ನ 1:30

ಕೇಳಿಕೊಂಡು ಬಂದೆ. ಮೊತ್ತ ಡೇಟಾಬೇಸ್‌ನಲ್ಲಿ ಉಳಿದಿರುತ್ತದೆ, ಹಾಗಾಗಿ ಮರುಪ್ರಿಂಟ್‌ಗೆ ತೊಂದರೆಯಿಲ್ಲ, ಹಳೇ ಮೊತ್ತವೇ ಬರುತ್ತದೆ. ತಿದ್ದಿ ಸೇವ್ ಮಾಡಿದರೆ ಹೊಸ ಲೆಕ್ಕ. ಕ್ರೆಡಿಟ್ ನೋಟ್ ಕೇಳಿದ ಕೂಡಲೇ ಡೆವಲಪರ್ ಸ್ವಲ್ಪ ಹೊತ್ತು ಸುಮ್ಮನಾದರು. ಅದು ಹೊಸದಾಗಿ ಲೆಕ್ಕ ಹಾಕುತ್ತದಂತೆ. ಅಂದರೆ 654ರ ಹಳೇ ಬಿಲ್ಲಿನ ಮಾಲು ಪೂರ್ತಿ ವಾಪಸ್ ಬಂದರೆ ಕ್ರೆಡಿಟ್ ನೋಟ್ 655ಕ್ಕೆ ಆಗುತ್ತದೆ. ಪಾರ್ಟಿ ಲೆಡ್ಜರ್‌ನಲ್ಲಿ ಒಂದು ರೂಪಾಯಿ ನೇತಾಡುತ್ತದೆ.

ವಾಟ್ಸಾಪ್ ಬಗ್ಗೆ ನೀವು ಹೇಳಿದ್ದು ನಿಜ. ಫ್ಲ್ಯಾಗ್ ಆಫ್. ಡೆಮೋಗೆ ಮಾತ್ರ ಆನ್ ಮಾಡಿದ್ದರಂತೆ.

ಇನ್ನೊಂದು ಗೊಂದಲ. ಪ್ರಿಂಟ್ ಹೆಡರ್ ಫಿಕ್ಸ್ ಬಿಲ್ಡ್‌ನಲ್ಲಿದೆಯಾ ನೋಡಲು ಕಮಿಟ್ ನಂಬರ್ ಹಿಡಿದು ಹೀಗೆ ಹುಡುಕಿದೆ. 4.12 ಟ್ಯಾಗ್ ಬರಲೇ ಇಲ್ಲ. ಡೆವಲಪರ್ ಮಾತ್ರ ಇದೆ ಎನ್ನುತ್ತಾರೆ.

```
git tag --contains 9f3ac21
```

---

ಕೋಡ್_ಕರಾವಳಿ · ಮಧ್ಯಾಹ್ನ 1:48

ಚೆರ್ರಿ-ಪಿಕ್ ಮಾಡಿ ರಿಲೀಸ್ ಬ್ರ್ಯಾಂಚ್‌ಗೆ ತಂದಿರುತ್ತಾರೆ. ಆಗ ಕಮಿಟ್ ನಂಬರ್ ಬದಲಾಗುತ್ತದೆ, ಹಳೇ ನಂಬರ್ ಹಿಡಿದು ಹುಡುಕಿದರೆ ಸಿಗುವುದಿಲ್ಲ. ಸಂದೇಶ ಮಾತ್ರ ಹಾಗೇ ಉಳಿಯುತ್ತದೆ. ಟಿಕೆಟ್ ನಂಬರ್ ಹಿಡಿದು ಹುಡುಕಿ:

```
git log --oneline --grep="MED-412" v4.11.0..v4.12.0
```

ಎರಡು ಸಾಲು ಬಂದು ಮೇಲಿನದು Revert ಎಂದು ಶುರುವಾಗಿದ್ದರೆ, ಹಾಕಿ ಮತ್ತೆ ತೆಗೆದಿದ್ದಾರೆ ಎಂದರ್ಥ. ಕಮಿಟ್ ಸಂದೇಶದಲ್ಲಿ ಟಿಕೆಟ್ ನಂಬರ್ ಬರೆಯದವರಿದ್ದರೆ ಈ ಉಪಾಯವೂ ಕೆಲಸ ಮಾಡಲ್ಲ.

---

ಕಾಫಿಪುಡಿ · ಮಧ್ಯಾಹ್ನ 2:05

ಸಿಕ್ಕಿತು, ಒಂದೇ ಸಾಲು. ಬಿಲ್ಡ್‌ನಲ್ಲಿದೆ. ಥ್ಯಾಂಕ್ಸ್.

---

ಫೋನ್_ಎತ್ತುವವಳು · ಮಧ್ಯಾಹ್ನ 3:15

ರೌಂಡಿಂಗ್ ಬಗ್ಗೆ ಒಂದು ಮಾತು. "ಹಿಂದೆ ತಪ್ಪಾಗುತ್ತಿತ್ತು" ಅಂತ ಬರೆಯುತ್ತೀರಾ? ಹಾಗೆ ಬರೆದರೆ ಹಳೇ ಬಿಲ್ ಎಲ್ಲ ತಪ್ಪಾ, ರಿಟರ್ನ್ ಫೈಲ್ ಮಾಡಿದ್ದು ಏನಾಗುತ್ತದೆ ಎಂದು ಕೇಳುತ್ತಾರೆ. ಫೋನ್ ಎತ್ತುವವರ ಕಥೆ ಏನು? "ಲೆಕ್ಕದ ವಿಧಾನ ಬದಲಾಗಿದೆ" ಎಂದರೆ ಸಾಲದಾ?

---

ಹಳೇ_ಲೇಖನಿ · ಮಧ್ಯಾಹ್ನ 3:40

ಸಾಲದು ಎನ್ನುತ್ತೇನೆ. ಬದಲಾವಣೆ ಎಂದರೆ ಮೊದಲಿನದೂ ಸರಿಯಿತ್ತು ಎಂದರ್ಥ ಬರುತ್ತದೆ. ವ್ಯತ್ಯಾಸ ಕಂಡುಹಿಡಿಯುವವರು ಅವರ ಆಡಿಟರ್. ಅವರು ಕೇಳಿದಾಗ ಅಂಗಡಿಯವರ ಕೈಯಲ್ಲಿ ತೋರಿಸಲು ಒಂದು ಕಾಗದ ಇರಬೇಕು.

---

ಫೋನ್_ಎತ್ತುವವಳು · ಮಧ್ಯಾಹ್ನ 3:52

ಕಾಗದ ಇರಲಿ, ಬೇಡ ಅನ್ನಲಿಲ್ಲ. ಆದರೆ ಹಳೇ ಬಿಲ್‌ಗೆ ಏನು ಮಾಡಬೇಕು ಎಂಬ ಉತ್ತರ ಇಲ್ಲದೆ ತಪ್ಪು ಎಂದು ಮಾತ್ರ ಬರೆದರೆ, ಆ ಉತ್ತರ ನನ್ನಿಂದ ಕೇಳುತ್ತಾರೆ. ನನಗೂ ಗೊತ್ತಿರುವುದಿಲ್ಲ.

---

ಜಿರ್ಲೆಬೇಟೆ · ಸಂಜೆ 4:05

ಇಬ್ಬರದೂ ಸರಿ ಅನ್ನಿಸುತ್ತಿದೆ. ಹಳೇ ಬಿಲ್ ಬಗ್ಗೆ ಏನು ಹೇಳಬೇಕು ಎಂದು ನಿರ್ಧರಿಸಬೇಕಾದವರು ಕಾಫಿಪುಡಿ ಅಲ್ಲ, ಅವರ ಮ್ಯಾನೇಜರ್ ಮತ್ತು ಕಂಪನಿಯ ಅಕೌಂಟೆಂಟ್. ಬರೆಯುವ ಮೊದಲು ಅವರಿಂದ ಒಂದು ಸಾಲು ಕೇಳಿ ತನ್ನಿ.

10ನೆಯದರ ಬಗ್ಗೆ ಸಣ್ಣದೊಂದು: ಲಾಗಿನ್ ಹೇಗೆ ಉಳಿಯುತ್ತಿತ್ತು ಎಂಬ ವಿವರ ಹಾಕಬೇಡಿ. 4.11ರಲ್ಲೇ ಇರುವ ಅಂಗಡಿಗೆ ಅದು ಕಳ್ಳದಾರಿ ತೋರಿಸಿದಂತೆ. ಈಗ ಏನಾಗುತ್ತದೆ ಎಂದಷ್ಟೇ ಬರೆಯಿರಿ. 11ರ ಗ್ರಾಹಕರ ಹೆಸರು ತೆಗೆಯುವುದು ಹೇಳಬೇಕಾಗಿಲ್ಲ ತಾನೇ? ಸ್ಲೈಡಿನ ಸ್ಕ್ರೀನ್‌ಶಾಟ್ ನೇರವಾಗಿ ಅಂಟಿಸಬೇಡಿ, ಅದರಲ್ಲಿ ಇನ್ಯಾರದೋ ಪಾರ್ಟಿ ಬಾಕಿ ಕಾಣುತ್ತಿರುತ್ತದೆ.

---

ಕಾಫಿಪುಡಿ · ಸಂಜೆ 6:30

ಹೆಸರು ತೆಗೆದಿದ್ದೆ. ಸ್ಕ್ರೀನ್‌ಶಾಟ್ ಅಂಟಿಸಿದ್ದೆ 😬 ಈಗ ನಕಲಿ ಹೆಸರು ಹಾಕಿ ಬೇರೆ ತೆಗೆದೆ.

ಮ್ಯಾನೇಜರ್ "ತಪ್ಪು" ಎಂಬ ಪದ ಬೇಡ, ಆದರೆ ಫಿಕ್ಸ್ ಎಂದೇ ಕರೆಯೋಣ ಎಂದರು. ಹಳೇ ಬಿಲ್ ಬಗ್ಗೆ ಅಕೌಂಟೆಂಟ್ ನಾಳೆ ಬೆಳಿಗ್ಗೆ ಹೇಳುತ್ತಾರಂತೆ. ಅಪ್‌ಡೇಟ್ ಹೊತ್ತು ತಿಳಿಯಲು 3 ಲಕ್ಷ ಬಿಲ್ ಇರುವ ಟೆಸ್ಟ್ ಡೇಟಾ ಮೇಲೆ ಓಡಿಸಿದೆವು, 12 ನಿಮಿಷ ಹಿಡಿಯಿತು. 13 ಸ್ಲೈಡ್‌ನಿಂದ ಉಳಿದದ್ದು ಇಷ್ಟು:

> 4.12 ಹಾಕುವ ಮೊದಲು ಓದಿ
> ಅಪ್‌ಡೇಟ್ ಆದ ಮೇಲೆ ಮೊದಲ ಸಲ ತೆರೆದಾಗ ಹೊತ್ತು ಹಿಡಿಯುತ್ತದೆ. ಬಿಲ್‌ಗಳು ಜಾಸ್ತಿ ಇದ್ದರೆ 15 ನಿಮಿಷದವರೆಗೂ ಆಗಬಹುದು. ಅಂಗಡಿ ಮುಚ್ಚಿದ ಮೇಲೆ ಹಾಕಿ. ನಡುವೆ ಕಂಪ್ಯೂಟರ್ ಆಫ್ ಮಾಡಬೇಡಿ.
> ಬಿಲ್ಲಿನ ಒಟ್ಟು ಮೊತ್ತದಲ್ಲಿ ಒಂದೆರಡು ರೂಪಾಯಿ ವ್ಯತ್ಯಾಸ ಕಾಣಬಹುದು. "ಸರಿಪಡಿಸಿದ್ದು" ನೋಡಿ.
>
> ಹೊಸದು
> 90 ದಿನದೊಳಗೆ ಎಕ್ಸ್‌ಪೈರಿ ಆಗುವ ಬ್ಯಾಚ್‌ಗಳ ಪಟ್ಟಿ ಈಗ ಮೊದಲ ಪರದೆಯಲ್ಲೇ ಸಿಗುತ್ತದೆ.
> ಕ್ರೆಡಿಟ್ ನೋಟ್ ಹಾಕುವಾಗ ಬ್ಯಾಚ್ ನಂಬರ್ ಟೈಪ್ ಮಾಡುವ ಬದಲು ಸ್ಕ್ಯಾನ್ ಮಾಡಬಹುದು.
> ಬಾಕಿ ವರದಿಯನ್ನು ಸೇಲ್ಸ್‌ಮನ್‌ವಾರು ತೆಗೆಯಬಹುದು.
>
> ಬದಲಾಗಿದ್ದು
> ಪಾರ್ಟಿ ಹೆಸರು ಹಾಕಿ ಹಳೇ ಬಿಲ್ ಹುಡುಕಿದರೆ ಮೊದಲಿಗಿಂತ ಬೇಗ ಸಿಗುತ್ತದೆ.
>
> ಸರಿಪಡಿಸಿದ್ದು
> ತೆರಿಗೆಯನ್ನು ಐಟಂವಾರು ರೌಂಡ್ ಮಾಡುತ್ತಿತ್ತು. ಈಗ ಬಿಲ್ಲಿನ ಕೊನೆಯಲ್ಲಿ ಒಂದೇ ಸಲ ಮಾಡುತ್ತದೆ. ಉದಾಹರಣೆಗೆ 208 ರೂಪಾಯಿಯ ಮೂರು ಐಟಂ, ತೆರಿಗೆ 5% ಇದ್ದರೆ ಮೊದಲು 654 ಬರುತ್ತಿತ್ತು, ಈಗ 655 ಬರುತ್ತದೆ. ಹಳೇ ಬಿಲ್ ಮತ್ತೆ ಪ್ರಿಂಟ್ ತೆಗೆದರೆ ಹಳೇ ಮೊತ್ತವೇ ಇರುತ್ತದೆ. ತಿದ್ದಿ ಸೇವ್ ಮಾಡಿದರೆ ಹೊಸ ಲೆಕ್ಕ ಬರುತ್ತದೆ.
> ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನಲ್ಲಿ ಎರಡನೇ ಹಾಳೆಯಲ್ಲಿ ಅಂಗಡಿ ಹೆಸರು ಬರುತ್ತಿರಲಿಲ್ಲ, ಈಗ ಬರುತ್ತದೆ.
> ಪಾಸ್‌ವರ್ಡ್ ಬದಲಿಸಿದರೆ ಎಲ್ಲ ಕಂಪ್ಯೂಟರಿನಲ್ಲೂ ಮತ್ತೆ ಲಾಗಿನ್ ಆಗಬೇಕು.

ಕ್ರೆಡಿಟ್ ನೋಟ್‌ನ ಒಂದು ರೂಪಾಯಿ ಇನ್ನೂ ಹಾಕಿಲ್ಲ. ಡೆವಲಪರ್ ಇವತ್ತು ರಾತ್ರಿ ಸರಿಮಾಡಲು ನೋಡುತ್ತೇನೆ ಎಂದಿದ್ದಾರೆ.

---

ಹಳೇ_ಲೇಖನಿ · ಸಂಜೆ 7:02

ಚೆನ್ನಾಗಿದೆ. ಕ್ರೆಡಿಟ್ ನೋಟ್ ಸರಿಯಾಗದಿದ್ದರೆ "ಗೊತ್ತಿರುವ ತೊಂದರೆ" ಎಂದು ಮೇಲೆಯೇ ಹಾಕಿ. ಸರಿಯಾದರೆ ಅದರ ಬಗ್ಗೆ ಒಂದಕ್ಷರವೂ ಬೇಡ. ಅದು ಗ್ರಾಹಕರ ಕೈಗೆ ಬರಲೇ ಇಲ್ಲವಲ್ಲ, ಜಿರ್ಲೆಬೇಟೆ ಹೇಳಿದ ಲೆಕ್ಕ.

---

ಕೋಡ್_ಕರಾವಳಿ · ಸಂಜೆ 7:20

ಸೇಲ್ಸ್‌ಮನ್‌ವಾರು ಬಾಕಿ ಹೊಸದು ಹೇಗಾಗುತ್ತದೆ? ಬಾಕಿ ವರದಿ ಮೊದಲೂ ಇತ್ತು, ಏರಿಯಾವಾರು. ಈಗ ಒಂದು ಫಿಲ್ಟರ್ ಸೇರಿದೆ ಅಷ್ಟೇ. ಬದಲಾಗಿದ್ದು ಅಲ್ವಾ?

---

ಫೋನ್_ಎತ್ತುವವಳು · ಸಂಜೆ 7:26

ಅಂಗಡಿಯವರು ಸೇಲ್ಸ್‌ಮನ್‌ವಾರು ಬಾಕಿಯನ್ನು ಇಷ್ಟು ದಿನ ಎಕ್ಸೆಲ್‌ನಲ್ಲಿ ಕೈಯಾರೆ ಮಾಡುತ್ತಿದ್ದಿರಬೇಕು. ಅವರಿಗೆ ಅದು ಹೊಸದೇ.

---

ಹಳೇ_ಲೇಖನಿ · ಸಂಜೆ 7:41

ನಾನಾದರೆ ಕೋಡ್_ಕರಾವಳಿ ಕಡೆ. ಹೊಸದು ಎಂದು ಓದಿದವರು ಮೆನುವಿನಲ್ಲಿ ಹೊಸ ವರದಿ ಹುಡುಕುತ್ತಾರೆ, ಅಲ್ಲಿ ಸಿಗುವುದಿಲ್ಲ.

---

ಕಾಫಿಪುಡಿ · ಶುಕ್ರವಾರ, ಬೆಳಿಗ್ಗೆ 11:50

ಹೊಸದರಲ್ಲೇ ಇಟ್ಟೆ. ಕೊನೆಗೆ "ಬಾಕಿ ವರದಿ ತೆರೆದು, ಏರಿಯಾ ಪಕ್ಕದಲ್ಲಿ ನೋಡಿ" ಎಂದು ಸೇರಿಸಿದೆ. ಕ್ರೆಡಿಟ್ ನೋಟ್ ರಾತ್ರಿ ಸರಿಯಾಗಲಿಲ್ಲ, ಮೇಲೆ ಹಾಕಿದೆ. ಅಕೌಂಟೆಂಟ್ ಇನ್ನೂ ಫೋನ್ ಎತ್ತುತ್ತಿಲ್ಲ.